ಹೆಣಿಗೆ ಬಟ್ಟೆಯ ಹೊಲಿಗೆ ಅಲೆಯೇಳದಂತೆ: ಓವರ್‌ಲಾಕ್ ಯಂತ್ರದ ಡಿಫರೆನ್ಷಿಯಲ್ ಫೀಡ್

ಟಿ-ಶರ್ಟ್ ಬಟ್ಟೆಯನ್ನು ಓವರ್‌ಲಾಕ್ ಯಂತ್ರದಲ್ಲಿ ಹೊಲಿದಾಗ ಅಂಚು ನೆಟ್ಟಗೆ ಮಲಗದೆ ಸುಟ್ಟ ಹಪ್ಪಳದ ಅಂಚಿನಂತೆ ಏರಿಳಿಯುವುದುಂಟು. ಕತ್ತರಿಸಿದಾಗ ಸರಿಯಾಗಿದ್ದ ಬಟ್ಟೆ ಹೊಲಿದ ಮೇಲೆ ಹಾಗಾದಾಗ ಹಲವರು ಮೊದಲು ಕೈಹಾಕುವುದು ದಾರದ ಟೆನ್ಶನ್ ಗುಂಡಿಗಳಿಗೆ. ನಾಲ್ಕೂ ಗುಂಡಿಗಳನ್ನು ತಿರುಗಿಸಿ, ಹೊಲಿಗೆಯ ಹದವನ್ನೂ ಕೆಡಿಸಿಕೊಂಡ ಮೇಲೆ ಅಲೆ ಮಾತ್ರ ಹಾಗೆಯೇ ಉಳಿದಿರುತ್ತದೆ. ಬಹಳಷ್ಟು ಸಲ ದೋಷ ದಾರದಲ್ಲಿರುವುದಿಲ್ಲ, ಬಟ್ಟೆ ಯಂತ್ರದೊಳಗೆ ಸಾಗುವ ರೀತಿಯಲ್ಲಿರುತ್ತದೆ. ಆ ಸಾಗಣೆಯನ್ನು ಹತೋಟಿಗೆ ತರುವ ಏರ್ಪಾಡೇ ಡಿಫರೆನ್ಷಿಯಲ್ ಫೀಡ್. ಮನೆಬಳಕೆಯ ಬಹುತೇಕ ಓವರ್‌ಲಾಕ್ ಯಂತ್ರಗಳಲ್ಲಿ ಇದಕ್ಕೆಂದು ಸಣ್ಣದೊಂದು ಗುಂಡಿಯೋ ಹಿಡಿಕೆಯೋ ಇರುತ್ತದೆ. ಅದರ ಮೇಲೆ ಸಾಮಾನ್ಯವಾಗಿ 0.7ರಿಂದ 2ರವರೆಗೆ ಅಂಕಿಗಳಿರುತ್ತವೆ.

ಅಲೆ ಎಂದರೆ ಲೆಕ್ಕದಲ್ಲಿ ಇಷ್ಟೇ: ಹೊಲಿಗೆಯ ಗೆರೆ ತನ್ನ ಪಕ್ಕದ ಬಟ್ಟೆಗಿಂತ ಉದ್ದವಾಗಿದೆ. ಉದ್ದವಾದ ಅಂಚಿಗೆ ಚಪ್ಪಟೆಯಾಗಿ ಮಲಗಲು ಜಾಗ ಸಾಲದೆ ಅದು ಮೇಲೆ ಕೆಳಗೆ ಮಡಚಿಕೊಳ್ಳುತ್ತದೆ. ಹಾಗಾಗಿ ಹೊಲಿಯುವಾಗ ಬಟ್ಟೆ ಎಲ್ಲಿ ಹಿಗ್ಗಿತು, ಹಿಗ್ಗಿದ್ದು ಮತ್ತೆ ಏಕೆ ಕುಗ್ಗಲಿಲ್ಲ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಉಳಿದದ್ದು ಸುಲಭ.

ಮಗ್ಗದಲ್ಲಿ ನೇಯ್ದ ಬಟ್ಟೆಯಲ್ಲಿ ಹಾಸು ಮತ್ತು ಹೊಕ್ಕಿನ ನೂಲುಗಳು ಹೆಚ್ಚುಕಡಿಮೆ ನೇರವಾಗಿರುತ್ತವೆ. ನೂಲು ಹಿಗ್ಗದ ಹೊರತು ಬಟ್ಟೆ ಹಿಗ್ಗದು. ಹೆಣಿಗೆ ಬಟ್ಟೆಯಲ್ಲಿ ಹಾಗಲ್ಲ. ಬನಿಯನ್, ಟಿ-ಶರ್ಟ್, ಲೆಗಿಂಗ್ಸ್ ಬಟ್ಟೆಗಳೆಲ್ಲ ಒಂದರೊಳಗೊಂದು ಸಿಕ್ಕಿಸಿದ ಕುಣಿಕೆಗಳಿಂದ ಆದವು. ಎಳೆದಾಗ ನೂಲು ಹಿಗ್ಗಬೇಕಾಗಿಲ್ಲ, ಕುಣಿಕೆಯ ಆಕಾರ ಬದಲಾದರೆ ಸಾಕು. ಅಗಲದ ಕಡೆಗೆ ಎಳೆದರೆ ಕುಣಿಕೆ ಅಡ್ಡಕ್ಕೆ ಚಪ್ಪಟೆಯಾಗಿ ಬಟ್ಟೆ ಸಲೀಸಾಗಿ ಹಿಗ್ಗುತ್ತದೆ. ಉದ್ದಕ್ಕೆ ಎಳೆದರೆ ಅಷ್ಟು ಹಿಗ್ಗುವುದಿಲ್ಲ. ಒಂದೇ ಅಂಗಿಯಲ್ಲಿ ಪಕ್ಕದ ಹೊಲಿಗೆ ನೆಟ್ಟಗಿದ್ದು ಕೆಳ ಅಂಚು ಮಾತ್ರ ಅಲೆಯಾಗುವುದಕ್ಕೆ ಇದೇ ಕಾರಣ. ಪಕ್ಕದ ಹೊಲಿಗೆ ಬಟ್ಟೆಯ ಉದ್ದಕ್ಕೆ ಸಾಗಿದರೆ ಕೆಳ ಅಂಚು, ತೋಳಿನ ತುದಿ ಮತ್ತು ಭುಜದ ಹೊಲಿಗೆಗಳು ಹೆಚ್ಚಾಗಿ ಅಗಲದ ಕಡೆಗೆ ಸಾಗುತ್ತವೆ.

ಯಂತ್ರದಲ್ಲಿ ಬಟ್ಟೆಯ ಮೇಲೆ ಒತ್ತುವ ಪಾದವಿದೆ, ಅಡಿಯಲ್ಲಿ ಬಟ್ಟೆಯನ್ನು ಹಿಂದಕ್ಕೆ ಸಾಗಿಸುವ ಹಲ್ಲುಗಳಿವೆ. ಪಾದ ಬಿಗಿಯಾಗಿ ಅದುಮಿದಾಗ ಮೆತ್ತಗಿನ ಹೆಣಿಗೆ ಬಟ್ಟೆ ಅದರ ಕೆಳಗೆ ಚಪ್ಪಟೆಯಾಗಿ ಹರಡುತ್ತದೆ. ಹಿಂದಿನ ಹಲ್ಲು ಎಳೆಯುವಾಗ ಪಾದದ ಉಜ್ಜು ಅದೇ ಬಟ್ಟೆಯನ್ನು ಮುಂದೆ ತಡೆದು ನಿಲ್ಲಿಸುತ್ತದೆ. ಈ ಎಳೆದಾಟದ ನಡುವೆ, ಹಿಗ್ಗಿದ ಸ್ಥಿತಿಯಲ್ಲೇ ಬಟ್ಟೆಗೆ ಸೂಜಿ ಇಳಿಯುತ್ತದೆ. ಓವರ್‌ಲಾಕ್ ಹೊಲಿಗೆಯಲ್ಲಿ ದಾರ ಧಾರಾಳ. ಎರಡು ಸೂಜಿಯ ದಾರ, ಎರಡು ಲೂಪರ್‌ನ ದಾರ ಸೇರಿ ಅಂಚನ್ನು ಸುತ್ತುವರಿಯುತ್ತವೆ. ಪಾದದಿಂದ ಹೊರಬಂದ ಬಟ್ಟೆ ಕುಗ್ಗಲು ನೋಡಿದರೂ ಒತ್ತೊತ್ತಾಗಿ ಕುಳಿತ ದಾರಗಳು ಅದಕ್ಕೆ ಅಡ್ಡ ನಿಲ್ಲುತ್ತವೆ. ಹಿಗ್ಗಿದ ಅಳತೆಯೇ ಅಲ್ಲಿ ಖಾಯಂ ಆಗುತ್ತದೆ. ಟಾಕು ತೀರಾ ಗಿಡ್ಡವಾಗಿದ್ದರೆ ಅಲೆ ಹೆಚ್ಚುವುದೂ ಇದರಿಂದಲೇ, ಅಷ್ಟೇ ಜಾಗದಲ್ಲಿ ಇನ್ನಷ್ಟು ದಾರ ತುಂಬಿಕೊಳ್ಳುತ್ತದೆ.

ಎರಡು ಹಲ್ಲುಗಳ ಹಂಚಿಕೆ

ಸಾಮಾನ್ಯ ಹೊಲಿಗೆ ಯಂತ್ರದಲ್ಲಿ ಬಟ್ಟೆ ಸಾಗಿಸುವ ಹಲ್ಲು ಒಂದೇ ಘಟಕ. ಡಿಫರೆನ್ಷಿಯಲ್ ಫೀಡ್ ಇರುವ ಓವರ್‌ಲಾಕ್‌ನಲ್ಲಿ ಅದು ಎರಡು ಭಾಗವಾಗಿರುತ್ತದೆ. ಮುಂದಿನ ಹಲ್ಲು ಸೂಜಿಗಿಂತ ಮೊದಲು, ಹೊಲಿಯುವವರ ಕಡೆಗೆ ಇದ್ದು ಬಟ್ಟೆಯನ್ನು ಸೂಜಿಯ ಕಡೆಗೆ ತಳ್ಳುತ್ತದೆ. ಹಿಂದಿನ ಹಲ್ಲು ಸೂಜಿಯನ್ನು ದಾಟಿದ ಬಟ್ಟೆಯನ್ನು ಹಿಡಿದು ಆಚೆ ಸಾಗಿಸುತ್ತದೆ. ಎರಡೂ ಒಟ್ಟಿಗೆ ಏಳುತ್ತವೆ, ಒಟ್ಟಿಗೆ ಇಳಿಯುತ್ತವೆ. ಆದರೆ ಪ್ರತಿ ಟಾಕಿಗೆ ಒಂದೊಂದೂ ಎಷ್ಟು ದೂರ ಸಾಗಬೇಕೆಂಬುದನ್ನು ಬೇರೆಬೇರೆಯಾಗಿ ಹೊಂದಿಸಬಹುದು. ಹಿಂದಿನ ಹಲ್ಲಿನ ದೂರವನ್ನು ಟಾಕಿನ ಉದ್ದದ ಗುಂಡಿ ನಿರ್ಧರಿಸಿದರೆ, ಮುಂದಿನದು ಅದಕ್ಕಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಸಾಗಬೇಕೆಂಬುದನ್ನು ಡಿಫರೆನ್ಷಿಯಲ್ ಗುಂಡಿ ನಿರ್ಧರಿಸುತ್ತದೆ.

ಗುಂಡಿಯ ಮೇಲಿನ ಅಂಕಿ ಈ ಎರಡು ದೂರಗಳ ಅನುಪಾತ. 1ಕ್ಕೆ ಇಟ್ಟರೆ ಎರಡೂ ಸಮನಾಗಿ ಸಾಗುತ್ತವೆ. ಕೆಲವು ಯಂತ್ರಗಳಲ್ಲಿ ಈ ಜಾಗದಲ್ಲಿ N ಎಂದು ಬರೆದಿರುತ್ತದೆ. 1.5ಕ್ಕೆ ಇಟ್ಟರೆ ಹಿಂದಿನ ಹಲ್ಲು 2 ಮಿಲಿಮೀಟರ್ ಸಾಗುವಷ್ಟರಲ್ಲಿ ಮುಂದಿನದು 3 ಮಿಲಿಮೀಟರ್ ಸಾಗುತ್ತದೆ. ಒಳಗೆ ಬರುವ ಬಟ್ಟೆ ಹೆಚ್ಚು, ಹೊರಗೆ ಹೋಗುವುದು ಕಡಿಮೆ. ಹೀಗಾಗಿ ಸೂಜಿಯ ಬಳಿ ಬಟ್ಟೆ ಸ್ವಲ್ಪ ಒತ್ತರಿಸಿಕೊಂಡು ನಿಲ್ಲುತ್ತದೆ. ಪಾದದಿಂದಾಗುವ ಹಿಗ್ಗು ಮತ್ತು ಹಲ್ಲಿನಿಂದಾಗುವ ಒತ್ತರಿಕೆ ಒಂದನ್ನೊಂದು ಕಳೆದರೆ ಬಟ್ಟೆ ತನ್ನ ಸಹಜ ಅಳತೆಯಲ್ಲೇ ಹೊಲಿಗೆ ಹಾಕಿಸಿಕೊಳ್ಳುತ್ತದೆ. 1ಕ್ಕಿಂತ ಕೆಳಗಿನ ಅಂಕಿಗಳಲ್ಲಿ ಇದರ ವಿರುದ್ಧ ನಡೆಯುತ್ತದೆ: ಮುಂದಿನ ಹಲ್ಲು ಹಿಂದೆ ಬಿದ್ದು ಸೂಜಿಯ ಬಳಿ ಬಟ್ಟೆ ಬಿಗಿಯಾಗಿ ಎಳೆದುಕೊಳ್ಳುತ್ತದೆ. ಶಿಫಾನ್‌ನಂಥ ತೆಳ್ಳನೆಯ ನೇಯ್ದ ಬಟ್ಟೆ ಸುಕ್ಕಾಗದಂತೆ ನೋಡಿಕೊಳ್ಳಲು ಅದು ಬೇಕು. ಮಕ್ಕಳ ಫ್ರಾಕಿನ ಅಂಚನ್ನು ಬೇಕೆಂದೇ ಅಲೆಯಾಗಿಸಲೂ ಬೇಕು. ಟಿ-ಶರ್ಟಿನ ಹೊಲಿಗೆಗೆ ಗುಂಡಿ ಅಪ್ಪಿತಪ್ಪಿ 0.7ರಲ್ಲಿ ಉಳಿದಿದ್ದರೆ ಅಂಚು ಏನಾಗುತ್ತದೆಂದು ಬೇರೆ ಹೇಳಬೇಕಾಗಿಲ್ಲ.

ಇಲ್ಲೊಂದು ಎಚ್ಚರಿಕೆ ಬೇಕು. 1.5 ಎಂದರೆ ಹೊಲಿಗೆ ಅರ್ಧ ಪಾಲು ಗಿಡ್ಡವಾಗುತ್ತದೆ ಎಂದಲ್ಲ. ಅದು ಹಲ್ಲಿನ ನಡಿಗೆಯ ಅನುಪಾತವೇ ಹೊರತು ಬಟ್ಟೆಯದಲ್ಲ. ಹಲ್ಲು ತಳ್ಳಿದಷ್ಟೂ ಬಟ್ಟೆ ಮುಂದೆ ಸರಿಯುವುದಿಲ್ಲ, ಸ್ವಲ್ಪ ಜಾರುತ್ತದೆ. ದಪ್ಪ ಬಟ್ಟೆ ಒತ್ತರಿಸಿಕೊಳ್ಳಲು ಒಪ್ಪುವುದಿಲ್ಲ, ತೆಳ್ಳನೆಯ ಒಂಟಿ ಪದರ ಬೇಗ ನೆರಿಗೆಯಾಗುತ್ತದೆ. ಟಾಕಿನ ಉದ್ದ ಬದಲಾದರೂ ಫಲಿತಾಂಶ ಬದಲಾಗುತ್ತದೆ. ಉದ್ದನೆಯ ಟಾಕು ಮತ್ತು 2ರ ಅಂಕಿ ಸೇರಿದರೆ ತೆಳು ಬಟ್ಟೆ ನಿಜಕ್ಕೂ ನೆರಿಗೆ ಕಟ್ಟುತ್ತದೆ, ಫ್ರಿಲ್ ಮಾಡುವವರು ಬಳಸಿಕೊಳ್ಳುವುದು ಇದನ್ನೇ. ಆದ್ದರಿಂದ ಕಾಟನ್ ಜರ್ಸಿಗೆ ಇಷ್ಟು, ಲೈಕ್ರಾಕ್ಕೆ ಇಷ್ಟು ಎಂದು ಸಿದ್ಧಪಟ್ಟಿ ಕೊಡುವ ಪುಸ್ತಕಗಳನ್ನು ಆರಂಭದ ಅಂದಾಜಿಗಷ್ಟೇ ಬಳಸಬೇಕು. ಅದೇ ಬಟ್ಟೆಗೆ ಒಂದು ಯಂತ್ರದಲ್ಲಿ 1.3 ಸಾಕಾದರೆ ಪಾದದ ಒತ್ತಡ ಹೆಚ್ಚಿರುವ ಇನ್ನೊಂದರಲ್ಲಿ 1.6 ಬೇಕಾಗಬಹುದು. ನಂಬಬೇಕಾದ್ದು ಹೊಲಿದ ತುಂಡಿನ ಅಳತೆಯನ್ನು.

ಅಳೆದು ಹೊಂದಿಸುವ ಕ್ರಮ

ಮಾದರಿ ತುಂಡಿನ ಅಂಚು ಕಣ್ಣಿಗೆ ಸರಿಯಾಗಿ ಕಂಡರೆ ಸಾಕೆಂದು ಹಲವರು ಅಲ್ಲಿಗೇ ಬಿಡುತ್ತಾರೆ. ಆದರೆ ಚಿಕ್ಕ ತುಂಡಿನಲ್ಲಿ ಸಣ್ಣ ಹಿಗ್ಗು ಕಣ್ಣಿಗೆ ಬೀಳುವುದಿಲ್ಲ, ಅದು ಎದ್ದು ಕಾಣುವುದು ಇಡೀ ಅಂಗಿಯ ಸುತ್ತಳತೆಯಲ್ಲಿ. ಅಳತೆಪಟ್ಟಿ ಹಿಡಿದರೆ ಮಾತ್ರ ನಿಜ ತಿಳಿಯುತ್ತದೆ.

ಮೊದಲು ಬಟ್ಟೆಯನ್ನು ಒಮ್ಮೆ ಒಗೆದು ಒಣಗಿಸಿರಬೇಕು. ಹತ್ತಿಯ ಹೆಣಿಗೆ ಬಟ್ಟೆ ಮೊದಲ ಒಗೆತದಲ್ಲಿ ಕುಗ್ಗುತ್ತದೆ, ಪಾಲಿಯೆಸ್ಟರ್ ದಾರ ಕುಗ್ಗುವುದಿಲ್ಲ. ಒಗೆಯದೆ ಹೊಲಿದರೆ ಎಷ್ಟು ಚೆನ್ನಾಗಿ ಹೊಂದಿಸಿದ್ದರೂ ನಂತರ ಹೊಲಿಗೆಯ ಸುತ್ತ ಬಟ್ಟೆ ಮುದುಡಬಹುದು. ಆಮೇಲೆ ಕತ್ತರಿಸಿ ಉಳಿದ ಬಟ್ಟೆಯಿಂದ ಸುಮಾರು 25 ಸೆಂಟಿಮೀಟರ್ ಉದ್ದ, 8 ಸೆಂಟಿಮೀಟರ್ ಅಗಲದ ಪಟ್ಟಿಗಳನ್ನು ತೆಗೆದುಕೊಳ್ಳಬೇಕು. ಅರ್ಧದಷ್ಟು ಪಟ್ಟಿಗಳು ಬಟ್ಟೆಯ ಅಗಲಕ್ಕೆ, ಇನ್ನರ್ಧ ಉದ್ದಕ್ಕೆ ಕತ್ತರಿಸಿದವಾಗಿರಲಿ. ಯಾವ ದಿಕ್ಕಿನದೆಂದು ಪೆನ್ನಿನಲ್ಲಿ ಗುರುತು ಹಾಕುವುದು ಒಳ್ಳೆಯದು, ಕತ್ತರಿಸಿಟ್ಟ ಮೇಲೆ ಎರಡೂ ಒಂದೇ ತರಹ ಕಾಣುತ್ತವೆ. ಪ್ರತಿ ಪಟ್ಟಿಯ ಮೇಲೂ ಹೊಲಿಗೆ ಬರುವ ಅಂಚಿನ ಸಮೀಪ, ಚೂರಿಗೆ ಸಿಗದಷ್ಟು ಒಳಗೆ, ಸರಿಯಾಗಿ 20 ಸೆಂಟಿಮೀಟರ್ ಅಂತರದಲ್ಲಿ ಎರಡು ಗೆರೆ ಎಳೆಯಬೇಕು. ಎರಡು ಪಟ್ಟಿಗಳನ್ನು ಜೋಡಿಸಿ, ಕೈಯಲ್ಲಿ ಎಳೆಯದೆ ತಳ್ಳದೆ, ಗುಂಡಿಯನ್ನು 1ರಲ್ಲಿಟ್ಟು ಹೊಲಿಯಬೇಕು. ಮೇಜಿನ ಮೇಲೆ ಒಂದೆರಡು ನಿಮಿಷ ಸುಮ್ಮನೆ ಬಿಟ್ಟು ಅಂಚನ್ನು ಒತ್ತದೆ ಗೆರೆಯಿಂದ ಗೆರೆಗೆ ಅಳೆಯಬೇಕು. ಅಲೆಯೆದ್ದಿದ್ದರೆ ಅಳತೆಪಟ್ಟಿಯನ್ನು ಅಲೆಯ ಜೊತೆಗೇ ಬಾಗಿಸಿ ಅಳೆಯಬೇಕು.

ಒಂದು ಉದಾಹರಣೆ ತೆಗೆದುಕೊಳ್ಳಬಹುದು. ಬಟ್ಟೆ ಮಧ್ಯಮ ದಪ್ಪದ ಹತ್ತಿಯ ಸಿಂಗಲ್ ಜರ್ಸಿ, ತಿರುಪ್ಪೂರಿನಿಂದ ಬಂದು ಬೆಂಗಳೂರಿನ ಅಂಗಡಿಗಳಲ್ಲಿ ಮೀಟರ್ ಲೆಕ್ಕದಲ್ಲೋ ಕಿಲೋ ಲೆಕ್ಕದಲ್ಲೋ ಸಿಗುವಂಥದ್ದು. ನಾಲ್ಕು ದಾರದ ಹೊಲಿಗೆ, ಟಾಕಿನ ಉದ್ದ 2.5 ಮಿಲಿಮೀಟರ್. ಅಗಲದ ದಿಕ್ಕಿನ ಪಟ್ಟಿಯನ್ನು 1ರಲ್ಲಿ ಹೊಲಿದಾಗ 20 ಸೆಂಟಿಮೀಟರ್ ಇದ್ದದ್ದು 21.5 ಆಯಿತೆಂದುಕೊಳ್ಳೋಣ. ಒಂದೂವರೆ ಸೆಂಟಿಮೀಟರ್ ಏನು ಮಹಾ ಅನ್ನಿಸಬಹುದು. ಅದು ನೂರಕ್ಕೆ 7.5. ಅಂಗಿಯ ಕೆಳ ಸುತ್ತಳತೆ 100 ಸೆಂಟಿಮೀಟರ್ ಇದ್ದರೆ ಅಂಚು 107.5 ಆಗುತ್ತದೆ, ಆ ಹೆಚ್ಚುವರಿ ಏಳೂವರೆ ಸೆಂಟಿಮೀಟರ್ ಅಂಚಿನುದ್ದಕ್ಕೂ ಅಲೆಯಾಗಿ ಹರಡಿಕೊಳ್ಳುತ್ತದೆ.

ಗುಂಡಿಯನ್ನು 1.3ಕ್ಕೆ ತಿರುಗಿಸಿ ಹೊಸ ಜೋಡಿಯನ್ನು ಹೊಲಿದರೆ ಅಳತೆ 20.6ಕ್ಕೆ ಇಳಿಯಿತು. ಅಂಚು ನೋಡಲು ಹೆಚ್ಚುಕಡಿಮೆ ಸರಿಯೇ. 1.5ರಲ್ಲಿ 20.1. ಅಲ್ಲಿಗೇ ನಿಲ್ಲದೆ 1.7ನ್ನೂ ಹೊಲಿದು ನೋಡುವುದು ಲೇಸು, ಏಕೆಂದರೆ ಎಲ್ಲೆ ದಾಟಿದಾಗ ಹೇಗೆ ಕಾಣುತ್ತದೆಂಬುದೂ ಗೊತ್ತಿರಬೇಕು. ಅಲ್ಲಿ ಅಳತೆ 19.4ಕ್ಕೆ ಕುಗ್ಗಿ ಹೊಲಿಗೆಯ ಪಕ್ಕ ಸಣ್ಣಸಣ್ಣ ನೆರಿಗೆ ಮೂಡಿತು. ಈ ಬಟ್ಟೆಗೆ, ಈ ಯಂತ್ರದಲ್ಲಿ, ಅಗಲದ ದಿಕ್ಕಿನ ಜೋಡಿ ಪದರಕ್ಕೆ 1.5 ಸರಿ ಎಂದಾಯಿತು. ಇನ್ನು ಉದ್ದದ ದಿಕ್ಕಿನ ಪಟ್ಟಿ. 1ರಲ್ಲೇ ಅದರ ಅಳತೆ 20.4 ಮಾತ್ರ. 1.2ಕ್ಕೆ ಇಟ್ಟಾಗ 20ಕ್ಕೆ ಬಂದು ನಿಂತಿತು. ಪಕ್ಕದ ಹೊಲಿಗೆಯನ್ನು 1.5ರಲ್ಲೇ ಹಾಕಿದ್ದರೆ ಅದು ಮೇಲಕ್ಕೆ ಎಳೆದುಕೊಂಡು, ಅಂಗಿಯ ಎರಡೂ ಪಕ್ಕ ಗಿಡ್ಡವಾಗಿ ಮುಂಭಾಗ ಜೋತುಬಿದ್ದಂತೆ ಕಾಣುತ್ತಿತ್ತು. ಒಂದೇ ಅಂಗಿಗೆ ಎರಡು ಅಂಕಿ ಬೇಕಾಗುವುದು ಹೀಗೆ.

ಸರಿಯೆಂದು ಕಂಡ ಪಟ್ಟಿಗೆ ಇನ್ನೊಂದು ಪರೀಕ್ಷೆ ಉಳಿದಿದೆ. ಹೊಲಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಬಟ್ಟೆ ಹಿಗ್ಗುವಷ್ಟೂ ಎಳೆದು ಬಿಡಬೇಕು. ದಾರ ಪಟ್ಟೆಂದು ಹರಿಯಬಾರದು, ಬಿಟ್ಟ ಮೇಲೆ ಅಂಚು ಮತ್ತೆ ತನ್ನ ಅಳತೆಗೆ ಮರಳಬೇಕು. ದಾರ ಹರಿದರೆ ದೋಷ ಸೂಜಿದಾರದ ಬಿಗಿಯಲ್ಲಿದೆ. ಹೊಲಿಗೆ ಗಿಡ್ಡವಾಗಿ ನೆರಿಗೆ ಕಂಡಾಗಲೂ ಇದೇ ಪರೀಕ್ಷೆ ದಾರಿ ತೋರಿಸುತ್ತದೆ. ಡಿಫರೆನ್ಷಿಯಲ್ ಹೆಚ್ಚಾಗಿ ಆದ ನೆರಿಗೆ ಎಳೆದರೆ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ, ಬಿಗಿದಾರದಿಂದ ಆದದ್ದು ಎಳೆದಾಗ ತಡೆಯುತ್ತದೆ ಅಥವಾ ಹರಿಯುತ್ತದೆ.

ಅಂಗಿಯ ಮೇಲೆ

ಪಟ್ಟಿಯಲ್ಲಿ ಸಿಕ್ಕ ಅಂಕಿಗಳನ್ನು ಅಂಗಿಗೆ ತರುವಾಗ ಭುಜದ ಹೊಲಿಗೆಯನ್ನು ಬೇರೆಯಾಗಿ ನೋಡಬೇಕು. ಹೊಲಿಯುವಾಗ ಅದು ಹಿಗ್ಗದಂತೆ ಡಿಫರೆನ್ಷಿಯಲ್ ಫೀಡ್ ಕಾಯುತ್ತದೆ, ಸರಿ. ಆದರೆ ಅಂಗಿಯ ಭಾರವೆಲ್ಲ ತೂಗುವುದು ಭುಜದ ಮೇಲೆ. ತೊಟ್ಟು ತೊಟ್ಟು ಅದು ಹಿಗ್ಗುವುದನ್ನು ತಡೆಯುವ ಶಕ್ತಿ ಯಂತ್ರದ ಯಾವ ಗುಂಡಿಗೂ ಇಲ್ಲ. ಅಲ್ಲಿ ಹೊಲಿಗೆಯೊಳಗೆ ಪಾರದರ್ಶಕ ಇಲಾಸ್ಟಿಕ್ ಪಟ್ಟಿಯನ್ನೋ ಸಣ್ಣ ಟೇಪನ್ನೋ ಸೇರಿಸಿ ಹೊಲಿಯಬೇಕು. ಅಂಗಡಿಯಲ್ಲಿ ಕೊಂಡ ಟಿ-ಶರ್ಟನ್ನು ತಿರುವಿಹಾಕಿ ನೋಡಿದರೆ ಭುಜದಲ್ಲಿ ಇಂಥ ಪಟ್ಟಿ ಹಲವು ಸಲ ಕಾಣಸಿಗುತ್ತದೆ. ಟೇಪಿನ ಉದ್ದವನ್ನು ಕಾಗದದ ಪ್ಯಾಟರ್ನಿನ ಭುಜದಿಂದ ತೆಗೆದುಕೊಳ್ಳಬೇಕು, ಕತ್ತರಿಸಿದ ಬಟ್ಟೆಯಿಂದಲ್ಲ. ಬಟ್ಟೆ ಅಷ್ಟರಲ್ಲಿ ಕೈಯಲ್ಲೇ ಹಿಗ್ಗಿರಬಹುದು.

ಕತ್ತಿನ ಪಟ್ಟಿಯ ಲೆಕ್ಕ ಇನ್ನೂ ಬೇರೆ. ರಿಬ್ ಪಟ್ಟಿಯನ್ನು ಕತ್ತಿನ ಸುತ್ತಳತೆಗಿಂತ ಗಿಡ್ಡವಾಗಿಯೇ ಕತ್ತರಿಸುತ್ತಾರೆ. ಹೊಲಿಯುವಾಗ ಅದನ್ನು ಹಿಗ್ಗಿಸಿ ಕತ್ತಿಗೆ ಹೊಂದಿಸಿದರೇ ಅದು ಒಳಮುಖವಾಗಿ ಬಾಗಿ ಎದೆಗೆ ಅಂಟಿ ಕೂರುತ್ತದೆ. ಇಲ್ಲಿ ಹಿಗ್ಗಬೇಕಾದದ್ದು ಪಟ್ಟಿ, ಹಿಗ್ಗಬಾರದ್ದು ಅಂಗಿಯ ಕತ್ತು. ಅಂಗಿಯನ್ನು ಕೆಳಗೆ, ಪಟ್ಟಿಯನ್ನು ಮೇಲೆ ಇಟ್ಟರೆ ಎರಡೂ ಕೆಲಸ ಒಟ್ಟಿಗೆ ಆಗುತ್ತದೆ, ಏಕೆಂದರೆ ಹಲ್ಲುಗಳು ನೇರವಾಗಿ ಮುಟ್ಟುವುದು ಕೆಳಗಿನ ಪದರವನ್ನು. ಅವು ಅಂಗಿಯನ್ನು ಒತ್ತರಿಸಿ ಹಿಡಿದಿರುವಾಗ ಮೇಲಿನ ಪಟ್ಟಿಯನ್ನು ಬೆರಳಲ್ಲಿ ಹದವಾಗಿ ಎಳೆದು ಹೊಂದಿಸಬಹುದು. ಇಲ್ಲಿ 1.2 ಅಥವಾ 1.3 ಸಾಮಾನ್ಯವಾಗಿ ಸಾಕು. ಪಟ್ಟಿಯೇ ಉದ್ದವಾಗಿದ್ದು ಕತ್ತು ಜೋಲುತ್ತಿದ್ದರೆ ಅದನ್ನು ಡಿಫರೆನ್ಷಿಯಲ್ ಏರಿಸಿ ಸರಿಪಡಿಸಲು ಹೋಗಬಾರದು. ಪಟ್ಟಿಯನ್ನು ಬಿಚ್ಚಿ ಗಿಡ್ಡಮಾಡುವುದೇ ಸರಿ.

ಕೆಳಗಿನ ಪದರಕ್ಕೆ ಹಲ್ಲಿನ ಹಿಡಿತ ಹೆಚ್ಚೆಂಬ ಈ ಸಂಗತಿ ತೋಳು ಕೂರಿಸುವಾಗಲೂ ನೆರವಾಗುತ್ತದೆ. ತೋಳಿನ ತಲೆಭಾಗ ಕಂಕುಳ ಸುತ್ತಿಗಿಂತ ತುಸು ಉದ್ದವಿದ್ದರೆ ತೋಳನ್ನು ಕೆಳಗಿಟ್ಟು ಹೊಲಿಯಬೇಕು, ಹೆಚ್ಚಿನ ಬಟ್ಟೆಯನ್ನು ಹಲ್ಲು ತಾನೇ ಒಳಗೆ ಸೇರಿಸಿಕೊಳ್ಳುತ್ತದೆ. ಇದೇ ಸಂಗತಿ ತೊಂದರೆಯನ್ನೂ ಕೊಡಬಲ್ಲದು. ಸಮನಾದ ಎರಡು ಪದರಗಳನ್ನು ಹೊಲಿದು ಮುಗಿಸಿದಾಗ ಮೇಲಿನದು ಒಂದಿಷ್ಟು ಮಿಕ್ಕಿ ನಿಂತಿದ್ದರೆ, ಪಾದ ಮೇಲಿನ ಪದರವನ್ನು ತಡೆದಿದೆ, ಹಲ್ಲು ಕೆಳಗಿನದನ್ನು ಹೆಚ್ಚು ನುಂಗಿದೆ ಎಂದರ್ಥ. ಹತ್ತಿ ಜರ್ಸಿಯ ಪದರಗಳು ಒಂದಕ್ಕೊಂದು ಕಚ್ಚಿಕೊಂಡು ಸಾಗುವುದರಿಂದ ಅಲ್ಲಿ ಇದು ಅಪರೂಪ. ನುಣುಪಾದ ನೈಲಾನ್-ಲೈಕ್ರಾದಲ್ಲಿ, ಜಾರುವ ವಿಸ್ಕೋಸ್‌ನಲ್ಲಿ ಪದೇ ಪದೇ ಎದುರಾಗುತ್ತದೆ. ಡಿಫರೆನ್ಷಿಯಲ್ ಏರಿಸಿದರೆ ಅಲ್ಲಿ ವ್ಯತ್ಯಾಸ ಹೆಚ್ಚುತ್ತದೆಯೇ ಹೊರತು ತಗ್ಗದು. ಪಾದದ ಒತ್ತಡ ಇಳಿಸಿ, ಸಮೀಪ ಸಮೀಪ ಕ್ಲಿಪ್ ಹಾಕಿ ಹೊಲಿಯಬೇಕು. ಗುಂಡುಪಿನ್ನು ಬೇಡ, ಓವರ್‌ಲಾಕ್‌ನ ಚೂರಿಗೆ ಪಿನ್ನು ಸಿಕ್ಕರೆ ಚೂರಿ ಹಾಳಾಗುತ್ತದೆ, ಚೂರು ಕಣ್ಣಿಗೆ ಸಿಡಿಯಲೂಬಹುದು.

ಕಂಕುಳ ಸುತ್ತಿನಂಥ ತಿರುವಿನಲ್ಲಿ ಹೊಲಿಗೆ ಬಟ್ಟೆಯ ಉದ್ದ, ಓರೆ, ಅಗಲ ಮೂರನ್ನೂ ಹಾದುಹೋಗುತ್ತದೆ. ನಡುವೆ ಗುಂಡಿ ತಿರುಗಿಸುತ್ತ ಕೂರುವುದಕ್ಕಿಂತ ನಡುವಿನ ಒಂದು ಅಂಕಿಯನ್ನು, ಮೇಲಿನ ಉದಾಹರಣೆಯಲ್ಲಾದರೆ 1.3ನ್ನು, ಇಟ್ಟು ಒಂದೇ ಸಮನೆ ಹೊಲಿಯುವುದು ವಾಸಿ. ಕೆಳ ಅಂಚಿಗೆ ಬಂದಾಗ ಮಾತ್ರ ಮತ್ತೊಮ್ಮೆ ಮಾದರಿ ಹೊಲಿಯಬೇಕು. ಮಡಿಸುವ ಮುಂಚೆ ಅಂಚಿಗೆ ಹಾಕುವ ಓವರ್‌ಲಾಕ್ ಒಂಟಿ ಪದರದ ಮೇಲೆ ಬೀಳುತ್ತದೆ, ಜೋಡಿ ಪದರಕ್ಕೆ ಸರಿಹೋದ 1.5 ಅಲ್ಲಿ ನೆರಿಗೆ ತರಬಹುದು. ಒಂಟಿ ಪಟ್ಟಿಯೊಂದನ್ನು ಹೊಲಿದು ಅಳೆದರೆ ಸರಿಯಾದ ಅಂಕಿ ಸಿಗುತ್ತದೆ.

ಗುಂಡಿ ತಿರುಗಿಸಿದರೂ ಅಲೆ ಹೋಗದಿದ್ದರೆ

ಅಂಕಿ 2ಕ್ಕೆ ಮುಟ್ಟಿದರೂ ಅಂಚು ಹಿಗ್ಗುತ್ತಲೇ ಇದ್ದರೆ ಕಾರಣ ಬೇರೆಡೆ ಇದೆ. ಅದನ್ನು ಹುಡುಕುವ ಸರಳ ದಾರಿ ಸೂಜಿದಾರವನ್ನು ಎಳೆದು ತೆಗೆಯುವುದು. ಅಲೆಯಾದ ಹೊಲಿಗೆಯ ಸೂಜಿದಾರಗಳನ್ನು ಹೊರತೆಗೆದಾಗ ಲೂಪರ್ ದಾರಗಳು ತಾವೇ ಕಳಚಿಕೊಳ್ಳುತ್ತವೆ. ಬಿಡುಗಡೆಯಾದ ಬಟ್ಟೆ ಸ್ವಲ್ಪ ಹೊತ್ತಿಗೆ 20 ಸೆಂಟಿಮೀಟರ್‌ಗೆ ಮರಳಿದರೆ, ಬಟ್ಟೆ ಚೆನ್ನಾಗಿದೆ, ಹೊಲಿಗೆಯೇ ಅದನ್ನು ಹಿಗ್ಗಿಸಿ ಹಿಡಿದಿತ್ತು. ಬಿಚ್ಚಿದ ಮೇಲೂ ಅಂಚು ಜೋಲುತ್ತಿದ್ದರೆ ಹಿಗ್ಗು ಬಟ್ಟೆಯಲ್ಲೇ ಕೂತಿದೆ. ಲೈಕ್ರಾ ಇಲ್ಲದ ಹತ್ತಿ, ಸಡಿಲ ಹೆಣಿಗೆಯ ಸ್ವೆಟರ್ ಬಟ್ಟೆ ಇವುಗಳಿಗೆ ಮರಳಿ ಕುಗ್ಗುವ ಗುಣ ಕಡಿಮೆ. ಚೂರಿ ಮೊಂಡಾಗಿದ್ದರೂ ಅಂಚನ್ನು ಕತ್ತರಿಸುವ ಬದಲು ಜಗಿದು ಎಳೆಯುತ್ತದೆ. ಕತ್ತರಿಸಿದ ಅಂಚಿನಲ್ಲಿ ನೂಲಿನ ಎಳೆಗಳು ಚಾಚಿಕೊಂಡಿದ್ದರೆ ಚೂರಿ ಬದಲಿಸುವ ಹೊತ್ತಾಯಿತೆಂದು ತಿಳಿಯಬಹುದು.

ಹೊಲಿಗೆಯೇ ಕಾರಣವಾಗಿದ್ದರೆ ಮೊದಲು ನೋಡಬೇಕಾದ್ದು ಪಾದದ ಒತ್ತಡ. ಬಹಳಷ್ಟು ಯಂತ್ರಗಳಲ್ಲಿ ಪಾದದ ಕಂಬಿಯ ಮೇಲುತುದಿಯಲ್ಲಿ ಇದಕ್ಕೊಂದು ತಿರುಪು ಇರುತ್ತದೆ. ಅದನ್ನು ಒಂದೆರಡು ಸುತ್ತು ಸಡಿಲಿಸಿದಾಗ ಡಿಫರೆನ್ಷಿಯಲ್ ಇಷ್ಟೇ ಇದ್ದರೂ ಅಲೆ ತಗ್ಗುವುದುಂಟು. ಉಣ್ಣೆಯ, ಫ್ಲೀಸ್‌ನ ದಪ್ಪ ಬಟ್ಟೆಗಳಲ್ಲಿ ಇದರ ಪರಿಣಾಮ ಇನ್ನೂ ಎದ್ದು ಕಾಣುತ್ತದೆ. ತೀರಾ ಸಡಿಲಿಸಿದರೆ ಹಲ್ಲಿಗೆ ಬಟ್ಟೆಯ ಮೇಲೆ ಹಿಡಿತವೇ ತಪ್ಪಿ ಟಾಕುಗಳು ಅಂಕುಡೊಂಕಾಗುತ್ತವೆ, ಅಲ್ಲಿಂದ ಅರ್ಧ ಸುತ್ತು ಹಿಂದೆ ಬರಬೇಕು. ಎಷ್ಟು ಸುತ್ತು ತಿರುಗಿಸಿದ್ದೆಂದು ಬರೆದಿಟ್ಟುಕೊಳ್ಳದಿದ್ದರೆ ಮರಳಿ ಮೊದಲಿನ ಸ್ಥಿತಿಗೆ ತರುವುದು ಕಷ್ಟ. ಟಾಕಿನ ಉದ್ದವನ್ನು 2.5ರಿಂದ 3 ಮಿಲಿಮೀಟರ್‌ಗೆ ಏರಿಸುವುದೂ ಅಂಚಿನಲ್ಲಿ ದಾರದ ದಟ್ಟಣೆ ತಗ್ಗಿಸಿ ನೆರವಾಗುತ್ತದೆ.

ಕೈಯ ಪಾಲೂ ಇದೆ. ಬೇಗ ಸಾಗಲೆಂದು ಹೊಲಿದ ಬಟ್ಟೆಯನ್ನು ಹಿಂದಿನಿಂದ ಎಳೆಯುವ ರೂಢಿ ಹಲವರಿಗೆ ಸಾಮಾನ್ಯ ಯಂತ್ರದಿಂದ ಬಂದಿರುತ್ತದೆ. ಮುಂದಿನ ಹಲ್ಲು ಎಷ್ಟು ತಳ್ಳಿದರೂ ಆ ಎಳೆತ ಅದನ್ನು ಅಳಿಸಿಹಾಕುತ್ತದೆ. ಉಳಿದ ಬಟ್ಟೆ ಮೇಜಿನಿಂದ ಕೆಳಗೆ ಜೋತು ಬಿದ್ದಿದ್ದರೂ ಅದರ ಭಾರ ಇದೇ ಕೆಲಸ ಮಾಡುತ್ತದೆ, ಉದ್ದನೆಯ ಮ್ಯಾಕ್ಸಿ ಅಥವಾ ನೈಟಿ ಹೊಲಿಯುವಾಗ ವಿಶೇಷವಾಗಿ. ಬಟ್ಟೆಯನ್ನು ಮಡಿಲಲ್ಲೋ ಪಕ್ಕದ ಮೇಜಿನ ಮೇಲೋ ರಾಶಿ ಮಾಡಿಟ್ಟುಕೊಂಡರೆ ಸಾಕು. ಅಂಕಿಯೇ ಕೆಲಸ ಮಾಡುತ್ತಿಲ್ಲವೆಂದು ಅನುಮಾನ ಬಂದರೆ ಸೂಜಿ ಫಲಕ ಬಿಚ್ಚಿ ನೋಡಬೇಕು. ಹತ್ತಿ ಜರ್ಸಿಯ ನಾರುಧೂಳು ಚೂರಿಯ ಬಳಿ ಸೇರಿ, ಹಲ್ಲುಗಳ ನಡುವೆ ಗಟ್ಟಿಯಾಗಿ ಅಡಕಗೊಂಡರೆ ಹಲ್ಲು ಬಟ್ಟೆಯನ್ನು ಕಚ್ಚುವುದಿಲ್ಲ.

ಈಗಾಗಲೇ ಹೊಲಿದು ಮುಗಿದ ಅಂಗಿಯಲ್ಲಿ ಸಣ್ಣ ಅಲೆ ಇದ್ದರೆ ಬಿಚ್ಚುವ ಮೊದಲು ಹಬೆ ಹಾಯಿಸಿ ನೋಡಬಹುದು. ಹಬೆ ಇಸ್ತ್ರಿಯನ್ನು ಬಟ್ಟೆಗೆ ತಾಗಿಸದೆ ಒಂದೆರಡು ಸೆಂಟಿಮೀಟರ್ ಮೇಲೆ ಹಿಡಿದು, ಅಂಚನ್ನು ಬೆರಳಲ್ಲಿ ಒಳಕ್ಕೆ ಕೂಡಿಸಿ ತಣಿಯಲು ಬಿಟ್ಟರೆ ಹತ್ತಿಯ ಅಂಚು ಬಹಳ ಮಟ್ಟಿಗೆ ಕುಳಿತುಕೊಳ್ಳುತ್ತದೆ. ಇಸ್ತ್ರಿಯನ್ನು ಒತ್ತಿ ಮುಂದಕ್ಕೆ ತಳ್ಳಿದರೆ ಅಲೆ ಇನ್ನೂ ಹಿಗ್ಗುತ್ತದೆ. ಪಾಲಿಯೆಸ್ಟರ್ ಬಟ್ಟೆಗೆ ಈ ಉಪಾಯದಿಂದ ಹೆಚ್ಚಿನ ಪ್ರಯೋಜನವಿಲ್ಲ, ಲೈಕ್ರಾ ಹೆಚ್ಚಿರುವ ಬಟ್ಟೆಗೆ ಹೆಚ್ಚು ಶಾಖ ತಾಗಿಸಲೂಬಾರದು.

ಡಿಫರೆನ್ಷಿಯಲ್ ಇಲ್ಲದ ಯಂತ್ರಗಳೂ ಬಳಕೆಯಲ್ಲಿವೆ. ರವಿಕೆ, ಚೂಡಿದಾರದ ಒಳಅಂಚು ಕಟ್ಟಲು ಟೈಲರ್ ಅಂಗಡಿಗಳಲ್ಲಿ ಇಟ್ಟುಕೊಳ್ಳುವ ಸಾದಾ ಮೂರು ದಾರದ ಓವರ್‌ಲಾಕ್‌ಗಳಲ್ಲಿ ಹಲವಕ್ಕೆ ಒಂದೇ ಹಲ್ಲು. ನೇಯ್ದ ಬಟ್ಟೆಗೆ ಅಷ್ಟು ಸಾಕು. ಅಂಥದ್ದರಲ್ಲಿ ಟಿ-ಶರ್ಟ್ ಹೊಲಿಯಬೇಕಾದರೆ ಪಾದದ ಒತ್ತಡ ತಗ್ಗಿಸಿ, ಟಾಕು ಉದ್ದ ಮಾಡಿ, ಮುಂದಿನ ಹಲ್ಲಿನ ಕೆಲಸವನ್ನು ಬೆರಳುಗಳೇ ವಹಿಸಿಕೊಳ್ಳಬೇಕು: ಪಾದದ ಮುಂದೆ ಬಟ್ಟೆಯನ್ನು ಹಗುರಾಗಿ ಕೂಡಿಸುತ್ತ ಒಳಗೆ ಬಿಡಬೇಕು. ಬಟ್ಟೆಯ ಅಡಿಗೆ ತೆಳ್ಳನೆಯ ಟಿಶ್ಯೂ ಕಾಗದದ ಪಟ್ಟಿ ಇಟ್ಟು ಹೊಲಿದು ಆಮೇಲೆ ಹರಿದು ತೆಗೆಯುವ ಉಪಾಯವೂ ಇದೆ, ಹಲ್ಲು ಎಳೆಯುವುದು ಹಿಗ್ಗದ ಕಾಗದವನ್ನಾದ್ದರಿಂದ ಬಟ್ಟೆ ಉಳಿದುಕೊಳ್ಳುತ್ತದೆ. ಎರಡೂ ನಿಧಾನದ ಕೆಲಸ, ಅಂಗಿಯಿಂದ ಅಂಗಿಗೆ ಒಂದೇ ಫಲಿತಾಂಶ ಬರುವುದಿಲ್ಲ.

ಹೆಣಿಗೆ ಬಟ್ಟೆಯ ಕೆಲಸ ಮುಗಿದ ಕೂಡಲೇ ಗುಂಡಿಯನ್ನು 1ಕ್ಕೆ ತರಬೇಕು, ಸಡಿಲಿಸಿದ್ದ ಪಾದದ ತಿರುಪನ್ನೂ ಮೊದಲಿನ ಸುತ್ತಿಗೆ ತರಬೇಕು. ಮರೆತು 1.5ರಲ್ಲೇ ಬಿಟ್ಟರೆ ಮರುದಿನ ಹೊಲಿಯುವ ರೇಷ್ಮೆ ರವಿಕೆಯ ಒಳಅಂಚು ಮುದುಡುತ್ತದೆ, ಟೆನ್ಶನ್ ಗುಂಡಿಗಳಿಗೆ ಮತ್ತೆ ವೃಥಾ ಕೈ ಹೋಗುತ್ತದೆ. ಆಯಾ ಬಟ್ಟೆಯ ಮಾದರಿ ಪಟ್ಟಿಯ ಮೇಲೆಯೇ ಅಂಕಿ, ದಿಕ್ಕು, ಟಾಕಿನ ಉದ್ದ ಮತ್ತು ಹೊಲಿದ ಮೇಲಿನ ಅಳತೆಯನ್ನು ಬರೆದು ಡಬ್ಬಿಯಲ್ಲಿ ಹಾಕಿಟ್ಟರೆ, ಅಂಥದೇ ಬಟ್ಟೆ ಮತ್ತೆ ಬಂದಾಗ ಒಂದೇ ಜೋಡಿ ಹೊಲಿದು ಖಾತ್ರಿ ಮಾಡಿಕೊಂಡು ಅಂಗಿಗೆ ಕೈ ಹಾಕಬಹುದು.